ಗದ್ದಲದ ನಡುವೆ ಒಂದು ಗಂಟು

ಜನವರಿ ತಿಂಗಳ ಭೋಗಿಯ ದಿನ ಸೊಲ್ಲಾಪುರದ ಸಿದ್ಧೇಶ್ವರ ದೇವಾಲಯದ ಬಳಿ ಸಮ್ಮತಿ ಕಟ್ಟೆಯ ಸುತ್ತ ನಿಂತವರಿಗೆ ಗದ್ದಲವೆಂದರೇನೆಂದು ವಿವರಿಸಬೇಕಾಗಿಲ್ಲ. ಹಿರೇಹಬ್ಬು ಅವರ ವಾಡೆಯಿಂದ ಹೊರಟ ಏಳು ನಂದಿಧ್ವಜಗಳು ಜನರ ತಲೆಗಳ ಮೇಲೆ ತೂಗುತ್ತ ಬರುತ್ತವೆ. ಅವನ್ನು ಹೊತ್ತವರೂ ಜೊತೆಯಲ್ಲಿ ನಡೆಯುವವರೂ ಬಿಳಿಯ ಬಾರಾಬಂದಿ ತೊಟ್ಟಿರುತ್ತಾರೆ. ಸಿದ್ಧರಾಮನ ಯೋಗದಂಡಕ್ಕೂ ಕುಂಬಾರ ಕನ್ಯೆಗೂ ನಡೆದುದೆಂದು ನಂಬಲಾದ ಮದುವೆಯ ನೆನಪಿಗಾಗಿ ಅಲ್ಲಿ ಸಮ್ಮತಿಯನ್ನು ಓದುತ್ತಾರೆ. ನೆರೆದವರೆಲ್ಲ ಅಕ್ಷತೆ ಬೀರುತ್ತಾರೆ. ಹಲಗೆ, ಜಯಕಾರ, ಧ್ವನಿವರ್ಧಕ, ಪೊಲೀಸರ ಸೀಟಿ, ಮಾರುವವರ ಕೂಗು ಎಲ್ಲವೂ ಏಕಕಾಲಕ್ಕೆ ಕೇಳಿಸುತ್ತವೆ. ಮರಾಠಿ, ಕನ್ನಡ, ತೆಲುಗು, ದಖನಿ ನಾಲ್ಕೂ ಒಂದೇ ಮಾರು ಜಾಗದಲ್ಲಿ ಸಿಗುತ್ತವೆ. ಹಿಂದಿನ ದಿನದ ತೈಲಾಭಿಷೇಕವನ್ನು ಮರಾಠಿಯವರೂ ‘ಯಣ್ಣಿಮಜ್ಜನ’ ಎಂದೇ ಕರೆಯುತ್ತಾರೆ. ಅದು ನಮ್ಮ ಎಣ್ಣೆಮಜ್ಜನವೇ.

ಇಂಥ ಸನ್ನಿವೇಶವನ್ನು ಬರೆಯಹೊರಟವರಿಗೆ ಎದುರಾಗುವ ತೊಡಕು ಒಂದೇ. ಜಾತ್ರೆಯಲ್ಲಿ ನೂರು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ವಾಕ್ಯಗಳು ಮಾತ್ರ ಒಂದರ ಹಿಂದೆ ಒಂದು ಸಾಲಾಗಿ ಬರಬೇಕು. ಕಣ್ಣು ಒಮ್ಮೆಗೇ ಕಂಡುದನ್ನು ಪುಟ ಒಮ್ಮೆಗೇ ಕೊಡಲಾರದು. ಈ ವ್ಯತ್ಯಾಸವನ್ನು ಗಮನಿಸದವರು ಕಂಡುದನ್ನೆಲ್ಲ ಸಾಲಿಗೆ ನಿಲ್ಲಿಸುತ್ತಾರೆ. ಬಳೆಯವನು, ಬತ್ತಾಸಿನವನು, ಬಲೂನಿನವನು, ಅಳುವ ಮಗು, ಜಗಳವಾಡುವ ದಂಪತಿ ಹೀಗೆ ಪಟ್ಟಿ ಬೆಳೆಯುತ್ತದೆ. ಪಟ್ಟಿ ಎಷ್ಟು ಉದ್ದವಾದರೂ ಗದ್ದಲ ಹುಟ್ಟುವುದಿಲ್ಲ, ದಣಿವು ಹುಟ್ಟುತ್ತದೆ.

ಅಕ್ಕಲಕೋಟೆ ತಾಲೂಕಿನ ಹಳ್ಳಿಯೊಂದರಿಂದ ಬಂದ ಬಿ.ಎ. ವಿದ್ಯಾರ್ಥಿನಿಯೊಬ್ಬಳ ಕರಡನ್ನೇ ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅವಳಿಗೆ ಬರೆಯಬೇಕಾಗಿದ್ದುದು ತೀರಿಹೋದ ಅಜ್ಜಿಯ ವಿಷಯ. ಅಜ್ಜಿ ಮೂವತ್ತು ವರ್ಷಗಳಷ್ಟು ಕಾಲ ನೆರೆಮನೆಯ ಗೆಳತಿಯೊಡನೆ ಈ ಜಾತ್ರೆಗೆ ಬರುತ್ತಿದ್ದಳು. ಗೆಳತಿಯ ಕಾಲು ಬಿದ್ದುಹೋದ ವರ್ಷ, ಅವಳ ಪಾಲಿನ ಅಕ್ಷತೆಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಒಬ್ಬಳೇ ಬಂದಳು. ಅಂದು ಸಂಜೆ ಮನೆಗೆ ಮರಳಿದಾಗ ಅವಳ ಸೆರಗಿನಲ್ಲಿ ಒಂದು ಹಿಡಿ ಕಾಳು ಉಳಿದೇ ಇತ್ತು. ಯಾರದೆಂದು ಕೇಳಿದರೆ “ನಂದು” ಎಂದಳಂತೆ. ಏಕೆ ಬೀರಲಿಲ್ಲವೆಂದು ಹೇಳಲಿಲ್ಲ. ಮನೆಯಲ್ಲಿ ಈ ಮಾತು ಹಾಗೆಯೇ ಉಳಿದಿತ್ತು. ಮೊಮ್ಮಗಳು ಕಥೆ ಬರೆಯಲು ಕೂತದ್ದು ಆ ಕಾಳಿನ ಕಾರಣ ತಿಳಿಯುವ ಆಸೆಯಿಂದ.

ಮೊದಲ ಕರಡು ಎರಡು ಪುಟಗಳಷ್ಟಿತ್ತು. ಅದರಲ್ಲಿ ಇಪ್ಪತ್ತಾರು ಮಂದಿ ಮಾತಾಡುತ್ತಿದ್ದರು. ಅಜ್ಜಿ ನಾಲ್ಕು ಕಡೆ ಬರುತ್ತಿದ್ದಳು. ಅದರಲ್ಲಿ ಎರಡು ಸಲ “ಅವಳು” ಎಂಬ ಸರ್ವನಾಮವಾಗಿ ಮಾತ್ರ. ಸಹಪಾಠಿಗಳು ಒಮ್ಮೆ ಓದಿದ ಮೇಲೆ ಹಾಳೆಯನ್ನು ಮಗುಚಿಟ್ಟು, ನೆನಪಿಗೆ ಉಳಿದುದನ್ನು ಒಂದೊಂದು ವಾಕ್ಯದಲ್ಲಿ ಬರೆಯಬೇಕೆಂದು ಗೊತ್ತುಪಡಿಸಿಕೊಂಡಿದ್ದರು. ಬಹುಪಾಲು ಮಂದಿ ಬಲೂನು ಮಾರುವವನನ್ನು ಬರೆದರು. ಸೆರಗಿನ ಗಂಟನ್ನು ಬರೆದವರು ಒಬ್ಬರೂ ಇರಲಿಲ್ಲ. ದೃಶ್ಯ ದಾರಿ ತಪ್ಪಿದೆಯೇ ಎಂದು ತಿಳಿಯಲು ಇದಕ್ಕಿಂತ ನಂಬಿಕೆಯ ಪರೀಕ್ಷೆ ಬೇರೆ ಬೇಡ. “ಚೆನ್ನಾಗಿದೆಯೇ” ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. “ಯಾರಿಗೆ ಏನು ಬೇಕಾಗಿತ್ತು” ಎಂದು ಕೇಳಿದಾಗ ನಿಜ ಹೊರಬೀಳುತ್ತದೆ.

ಆದ್ದರಿಂದ ತಿದ್ದುವಿಕೆ ಈ ಪ್ರಶ್ನೆಯಿಂದಲೇ ಆರಂಭವಾಯಿತು. ಅಜ್ಜಿಗೆ ಏನು ಬೇಕು? “ಅಕ್ಷತೆ ಬೀರಬೇಕು” ಎಂಬ ಉತ್ತರ ಸಾಲದು. ಅಲ್ಲಿ ನೆರೆದ ಎಲ್ಲರಿಗೂ ಬೇಕಾದುದು ಅದೇ. ಅವಳ ಬೇಡಿಕೆ ಬೇರೆಯವರದಕ್ಕಿಂತ ಭಿನ್ನವಾಗಿದ್ದರೆ ಮಾತ್ರ ಓದುಗನು ಅವಳ ಬೆನ್ನು ಹತ್ತುತ್ತಾನೆ. ಗೆಳತಿ ಕಳಿಸುವಾಗ ಒಂದು ಮಾತು ಹೇಳಿದ್ದಳೆಂದು ವಿದ್ಯಾರ್ಥಿನಿ ಸೇರಿಸಿದಳು: ಕಟ್ಟೆ ಕಣ್ಣಿಗೆ ಕಾಣುವಲ್ಲಿ ನಿಂತು ಬೀರಬೇಕು, ಹಿಂದಿನಿಂದ ಎಸೆಯಬಾರದು. ಈಗ ಬೇಡಿಕೆಗೆ ಜಾಗವೂ ಬಂತು, ಹೊತ್ತೂ ಬಂತು. ಸಮ್ಮತಿ ಮುಗಿಯುವುದರೊಳಗೆ ಆ ಜಾಗ ಸಿಗಬೇಕು. ಸಿಗದಿದ್ದರೆ ಮುಂದಿನ ವರ್ಷದವರೆಗೆ ಬೇರೆ ಅವಕಾಶವಿಲ್ಲ. ಸೆರಗಿನ ಗಂಟು ಕಣ್ಣಿಗೆ ಕಾಣುವ ವಸ್ತು. ಜಾತ್ರೆಯಲ್ಲಿ ಅಜ್ಜಿಯರು ಸಾವಿರ ಮಂದಿ ಇರುತ್ತಾರೆ. ಆ ಗಂಟಿರುವವಳು ಒಬ್ಬಳೇ. ಗಂಟು ಎಂಬ ಪದ ಪುಟದಲ್ಲಿ ಎಲ್ಲಿ ಕಂಡರೂ ಓದುಗನಿಗೆ ದಾರಿ ಮತ್ತೆ ಸಿಗುತ್ತದೆ. ಹೆಸರು ಮಾಡಲಾರದ ಕೆಲಸವನ್ನು ಇಂಥ ವಸ್ತು ಸದ್ದಿಲ್ಲದೆ ಮಾಡುತ್ತದೆ.

ಎರಡನೆಯ ಹೆಜ್ಜೆ ಕಿವಿಯನ್ನು ಒಂದೆಡೆ ನಿಲ್ಲಿಸುವುದು. ಮೊದಲ ಕರಡಿನಲ್ಲಿ ಹೋಮ್ ಮೈದಾನದ ತೊಟ್ಟಿಲ ಬಳಿಯ ಮಾತೂ, ಕೆರೆಯ ದಂಡೆಯ ಮಾತೂ, ಕಟ್ಟೆಯ ಮೇಲಿನ ಮಾತೂ ಒಂದೇ ಸ್ಪಷ್ಟತೆಯಿಂದ ಕೇಳಿಸುತ್ತಿದ್ದವು. ಹಾಗೆ ಕೇಳಬಲ್ಲ ಮನುಷ್ಯರಿಲ್ಲ. ಅಜ್ಜಿ ನಿಂತ ಜಾಗದಿಂದ ಕೇಳುವುದನ್ನು ಮಾತ್ರ ಬರೆಯುವುದೆಂದು ನಿರ್ಧರಿಸಿದ ಕೂಡಲೇ ಶಬ್ದಗಳು ತಾವಾಗಿಯೇ ಮೂರು ದೂರಗಳಲ್ಲಿ ಹಂಚಿಹೋದವು. ಕೈಗೆಟಕುವಷ್ಟು ಹತ್ತಿರದವರ ಮಾತು ಪೂರ್ಣ ವಾಕ್ಯವಾಗಿ ಬರುತ್ತದೆ. ನಾಲ್ಕಾರು ಹೆಜ್ಜೆ ಆಚೆಯವರ ಮಾತಿನ ತುಣುಕು ಮಾತ್ರ ಸಿಗುತ್ತದೆ. ಬೆಲೆ ಕೇಳುತ್ತಿದ್ದಾರೆ, ಬೈಯುತ್ತಿದ್ದಾರೆ ಎಂಬಷ್ಟನ್ನು ಲೇಖಕನೇ ತನ್ನ ಮಾತಿನಲ್ಲಿ ಹೇಳಿದರೆ ಸಾಕು. ಅದಕ್ಕೂ ಆಚೆಯದು ಒಂದೇ ಮೊತ್ತದ ಸದ್ದು. ಅದಕ್ಕೆ ಉದ್ಧರಣ ಚಿಹ್ನೆ ಬೇಡ. ಎಲ್ಲ ದನಿಗಳಿಗೂ ಉದ್ಧರಣ ಚಿಹ್ನೆ ಹಾಕಿದಾಗ ಎಲ್ಲರೂ ಓದುಗನ ಕಿವಿಯ ಪಕ್ಕದಲ್ಲೇ ನಿಂತು ಕೂಗಿದಂತಾಗುತ್ತದೆ. ಈ ಒಂದು ನಿರ್ಧಾರದಿಂದಲೇ ಇಪ್ಪತ್ತಾರು ದನಿಗಳಲ್ಲಿ ಹದಿನೈದಕ್ಕೂ ಹೆಚ್ಚು ಉದುರಿಹೋದವು. ಅಚ್ಚರಿಯೆಂದರೆ ದೃಶ್ಯ ಬರಿದಾಗಲಿಲ್ಲ, ಮೊದಲಿಗಿಂತ ದಟ್ಟವಾಯಿತು.

ಮೂರನೆಯದು ಕನ್ನಡ ವಾಕ್ಯದ ಸ್ವಭಾವಕ್ಕೆ ಸಂಬಂಧಿಸಿದ್ದು. ನಮ್ಮ ಭಾಷೆಯಲ್ಲಿ ಆಡಿದ ಮಾತು ಮೊದಲು ಬಂದು, “ಎಂದು” ಸೇರಿ, ಆಡಿದವರು ಕೊನೆಗೆ ಬರುವುದು ರೂಢಿ. ಇಬ್ಬರೇ ಮಾತಾಡುವಾಗ ಇದರಿಂದ ತೊಂದರೆಯಿಲ್ಲ. ಗುಂಪಿನಲ್ಲಿ ತೊಂದರೆಯಿದೆ. “ನೀರು ಬೇಕೇನ್ರಿ, ತಣ್ಣಗ ಅದಾವು, ಬಿಸಲು ಭಾಳ ಐತಿ, ಕೂಸಿಗೆ ಕುಡಸ್ರಿ” ಎಂದು ಹಿಂದಿನಿಂದ ಕೊಡ ಹೊತ್ತವಳೊಬ್ಬಳು ಕೂಗಿದಳು ಎಂಬ ವಾಕ್ಯವನ್ನು ಗಮನಿಸಬೇಕು. ಕೊಡ ಎಂಬ ಪದ ಬರುವವರೆಗೂ ಆ ಮಾತು ಅಜ್ಜಿಯದೆಂದೇ ಓದುಗನು ತಿಳಿದಿರುತ್ತಾನೆ. ಕೊನೆಯಲ್ಲಿ ತಿದ್ದಿಕೊಂಡು ಹಿಂದಕ್ಕೆ ಹೋಗಬೇಕಾಗುತ್ತದೆ. ಹೀಗೆ ಮೂರು ಸಲ ಹಿಂದಕ್ಕೆ ಹೋದವನು ನಾಲ್ಕನೆಯ ಸಲ ಹಿಂದಕ್ಕೂ ಹೋಗುವುದಿಲ್ಲ, ಮುಂದಕ್ಕೂ ಬರುವುದಿಲ್ಲ. ಪರಿಹಾರ ಸುಲಭ. ಗುಂಪಿನ ದೃಶ್ಯದಲ್ಲಿ ಆಡುವವರನ್ನೋ ಅವರ ಕೈಯನ್ನೋ ಕೋಲನ್ನೋ ಕೊಡವನ್ನೋ ಮೊದಲು ತರಬೇಕು. ಮಾತು ಆಮೇಲೆ ಬರಲಿ. ಎರಡು ಮೂರು ಪದಗಳ ಕಿರುಮಾತಾದರೆ ಹಳೆಯ ಕ್ರಮವೇ ನಡೆದೀತು.

“ಎಂದರು” ಎಂಬ ರೂಪವೂ ಇಲ್ಲಿ ಮೋಸ ಮಾಡುತ್ತದೆ. ಅದು ಒಬ್ಬ ಹಿರಿಯರಿಗೂ ಆಗುತ್ತದೆ, ನಾಲ್ವರು ಹುಡುಗರಿಗೂ ಆಗುತ್ತದೆ; ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಮನೆಯ ದೃಶ್ಯದಲ್ಲಿ ಗೌರವ ಸೂಚಿಸುವ ಈ ಬಹುವಚನ ಜಾತ್ರೆಯಲ್ಲಿ ಮುಖವಿಲ್ಲದ ಮಾತಾಗುತ್ತದೆ. ಇದಕ್ಕೆ ಎದುರಾದ ಅನುಕೂಲವೂ ಕನ್ನಡಕ್ಕಿದೆ. ಕ್ರಿಯಾಪದವೇ ಲಿಂಗ, ವಚನಗಳನ್ನು ಹೊತ್ತಿರುವುದರಿಂದ ಕರ್ತೃಪದವನ್ನು ಬಿಡಬಹುದು. ಅಜ್ಜಿ ಮುಂದೆ ಸರಿದಳು, ನಿಂತಳು, ಕತ್ತು ಚಾಚಿದಳು ಎಂದು ಬರೆಯುತ್ತ ಹೋದರೆ ಎಳೆ ಕಡಿಯುವುದಿಲ್ಲ. ಆದರೆ ನಡುವೆ ಇನ್ನೊಬ್ಬ ಹೆಂಗಸು ಏನಾದರೂ ಮಾಡಿದ ಕ್ಷಣವೇ ಆ ಅನುಕೂಲ ಮುಗಿಯಿತು. ಆಗ “ಅವಳು” ಎಂಬುದು ಯಾರಿಗೂ ಸೇರದ ಪದ. ಅಜ್ಜಿಯೆಂಬ ಪದವೋ ಗಂಟೋ ತಡಮಾಡದೆ ಮರಳಬೇಕು.

ನಾಲ್ಕನೆಯ ವಿಷಯ ಗಡಿನಾಡಿನವರಿಗೆ ಹೆಚ್ಚು ಹತ್ತಿರದ್ದು. ಇಲ್ಲಿ ಭಾಷೆಯೇ ಮಾತಾಡಿದವರ ಗುರುತು. ಪೊಲೀಸನು ಮರಾಠಿಯಲ್ಲಿ ಗದರಿದರೆ, ಮಗ್ಗದ ಕೇರಿಯ ಮಗುವೊಂದು ತೆಲುಗಿನಲ್ಲಿ ಅತ್ತರೆ, “ಎಂದನು”, “ಎಂದಿತು” ಎಂಬ ವಿವರಣೆಗಳ ಅರ್ಧ ಭಾಗ ಬೇಡವಾಗುತ್ತದೆ. ಆದರೆ ಓದುಗರೆಲ್ಲರಿಗೂ ಮರಾಠಿ ಬರುವುದಿಲ್ಲ. ಅನುವಾದವನ್ನು ಪಕ್ಕದಲ್ಲಿಟ್ಟರೆ ಓಟ ನಿಲ್ಲುತ್ತದೆ. ಪರಭಾಷೆಯ ಮಾತು ನಾಲ್ಕು ಪದ ಮೀರದಿರಲಿ. ಅದರ ಅರ್ಥ ಕೇಳಿದವರ ಉತ್ತರದಿಂದಲೋ ಕೋಲಿನ ಚಲನೆಯಿಂದಲೋ ತಿಳಿಯಲಿ. ಅರ್ಥವಾಗದಿರುವುದೇ ಕಥೆಗೆ ಬೇಕಾಗುವ ಸಂದರ್ಭಗಳೂ ಉಂಟು. ಅಜ್ಜಿಗೆ ತಿಳಿಯದ ಮಾತು ಓದುಗನಿಗೆ ತಿಳಿದರೆ ಅವನು ಅವಳಿಗಿಂತ ಒಂದು ಹೆಜ್ಜೆ ಮುಂದೆ ನಿಂತು ಅವಳಿಗಾಗಿ ಕಾಯತೊಡಗುತ್ತಾನೆ.

ಐದನೆಯದು ಆಯ್ಕೆ. ಉಳಿದ ಪ್ರತಿ ದನಿಯೂ ಎಳೆಗೆ ಏನಾದರೂ ಮಾಡಬೇಕು: ತಡೆಯಬೇಕು, ದಾರಿ ಬಿಡಬೇಕು, ಹೊತ್ತು ಎಷ್ಟಾಯಿತೆಂದು ತಿಳಿಸಬೇಕು, ಅಥವಾ ಅವಳ ಸ್ಥಿತಿಗೆ ವಿರುದ್ಧವಾಗಿ ನಿಲ್ಲಬೇಕು. ಫ್ರೆಂಚ್ ಕಾದಂಬರಿಕಾರ ಫ್ಲಾಬೇರನು 1857ರಲ್ಲಿ ಪುಸ್ತಕವಾಗಿ ಬಂದ ‘ಮದಾಂ ಬೊವಾರಿ’ಯ ಕೃಷಿಮೇಳದ ಅಧ್ಯಾಯದಲ್ಲಿ ಈ ಕೊನೆಯ ಉಪಾಯವನ್ನು ಬಳಸಿದ್ದಾನೆ. ಕೆಳಗೆ ಮೈದಾನದಲ್ಲಿ ಅಧಿಕಾರಿಗಳ ಭಾಷಣ ನಡೆಯುತ್ತದೆ. ಮೇಲೆ ಕಿಟಕಿಯ ಬಳಿ ರೊಡಾಲ್ಫನು ಎಮ್ಮಾಳಿಗೆ ಪ್ರೇಮದ ಮಾತಾಡುತ್ತಾನೆ. ಮೊದಮೊದಲು ಎರಡೂ ಉದ್ದುದ್ದ ತುಣುಕುಗಳಾಗಿ ಬದಲಾಗುತ್ತ ಬರುತ್ತವೆ. ಕೊನೆಗೆ ಒಂದು ಸಾಲು ಪ್ರೇಮ, ಒಂದು ಸಾಲು ಗೊಬ್ಬರದ ಬಹುಮಾನ ಎನ್ನುವಷ್ಟು ಕಿರಿದಾಗುತ್ತವೆ. ಅಲ್ಲಿ ಲೇಖಕನು ಯಾವ ತೀರ್ಪನ್ನೂ ಕೊಡುವುದಿಲ್ಲ. ವೇದಿಕೆಯ ದನಿಯೇ ರೊಡಾಲ್ಫನ ಮಾತಿನ ಪೊಳ್ಳನ್ನು ತೋರಿಸುತ್ತದೆ. ಗಮನಿಸಬೇಕಾದುದೆಂದರೆ ಆ ಮೇಳದಲ್ಲಿ ಎಷ್ಟೇ ಜನರಿದ್ದರೂ ಓದುಗನು ಕಿಟಕಿಯಿಂದ ಬಹಳ ಹೊತ್ತು ದೂರ ಸರಿಯುವುದಿಲ್ಲ.

ವಿದ್ಯಾರ್ಥಿನಿ ತನ್ನ ಕರಡಿನ ಮೇಲೆ ಕೆಂಪು ಪೆನ್ಸಿಲಿನಿಂದ ಗಂಟಿಗೆ ಸಂಬಂಧಿಸಿದ ಸಾಲುಗಳನ್ನೂ ನೀಲಿಯಿಂದ ಉಳಿದ ಸಾಲುಗಳನ್ನೂ ಗುರುತಿಸಿದಳು. ನೀಲಿ ಸಾಲುಗಳು ಮೂರಕ್ಕಿಂತ ಹೆಚ್ಚು ಒಟ್ಟಿಗೆ ಬಂದ ಕಡೆಯಲ್ಲೆಲ್ಲ ಓದುಗರು ಹಾದಿ ತಪ್ಪಿದ್ದರು. ಅದನ್ನೇ ಅಳತೆಯಾಗಿಟ್ಟುಕೊಂಡು ತಿದ್ದಿದ ಮೇಲೆ ದೃಶ್ಯದ ಕೊನೆಯ ಭಾಗ ಹೀಗಾಯಿತು:

ಅಜ್ಜಿ ನಿಂತಲ್ಲಿಂದ ಕಟ್ಟೆ ಕಾಣುತ್ತಿರಲಿಲ್ಲ; ಬಿಳಿ ಬಾರಾಬಂದಿಗಳ ಬೆನ್ನುಗಳು ಕಾಣುತ್ತಿದ್ದವು. ಎಡಮುಷ್ಟಿಯಲ್ಲಿ ತನ್ನ ಕಾಳು, ಸೆರಗಿನ ಗಂಟಿನಲ್ಲಿ ಗೆಳತಿಯದು. ಒಂದು ಹೆಜ್ಜೆ ಮುಂದಿಟ್ಟಳು.

ಪೊಲೀಸನ ಕೋಲು ಅಡ್ಡ ಬಂತು. “ಆಜೀ, ಮಾಗೇ ಸರಾ.”

“ಕಟ್ಟಿ ಕಾಣೂ ಹಂಗ ಒಂದೀಟು ನಿಂದರ್ತೀನಪಾ. ನನ್ನೂವಲ್ಲ ಇವು, ಬ್ಯಾರೆಯಾಕಿ ಅಕ್ಕಿಕಾಳು.” ಗಂಟನ್ನು ಎತ್ತಿ ತೋರಿಸಿದಳು.

ಅವನಿಗೆ ಏನು ತಿಳಿಯಿತೋ, ಕೋಲು ಒಂದು ಮೊಳ ಸರಿಯಿತು. ಅಜ್ಜಿ ನುಸುಳಿದಳು. ಹಿಂದೆ ಯಾರೋ ಬಳೆಯ ಬೆಲೆಗೆ ಜಗಳ ಹಚ್ಚಿದ್ದರು. ಕಂಬದ ಮೇಲಿನ ಧ್ವನಿವರ್ಧಕ ಮರಾಠಿಯಲ್ಲಿ ಮಗುವೊಂದನ್ನು ಹುಡುಕುತ್ತಿತ್ತು: “ಲಾಲ್ ಶರ್ಟ್, ಪಾಚ್ ವರ್ಷ…” ಉಳಿದದ್ದು ಹಲಗೆಯಲ್ಲಿ ಮುಳುಗಿತು. ಈಗ ಕಟ್ಟೆಯ ಒಂದು ಮೂಲೆ ಕಾಣಿಸಿತು.

ಅಷ್ಟರಲ್ಲಿ ಯಾರೋ ಅವಳ ಬಲಗೈಯನ್ನು ಹಿಡಿದುಕೊಂಡರು. ಕೆಂಪು ಅಂಗಿಯ ಹುಡುಗ. “ಅಮ್ಮಾ” ಎಂದ, ಮುಂದಿನ ತೆಲುಗು ಅವಳಿಗೆ ತಿಳಿಯಲಿಲ್ಲ. ಬಿಡಿಸಿಕೊಳ್ಳಲು ನೋಡಿದಳು. ಹುಡುಗ ಇನ್ನೂ ಗಟ್ಟಿಯಾಗಿ ಹಿಡಿದ.

“ಏಕದಾ ಭಕ್ತಲಿಂಗ ಹರ್ರ ಬೋಲಾ ಹರ್ರ!” ಮುಂದಿನ ಕೈಗಳೆಲ್ಲ ಎದ್ದವು. ಒಂದು ಕೈ ಹುಡುಗನ ಹಿಡಿತದಲ್ಲಿ, ಇನ್ನೊಂದರಲ್ಲಿ ಕಾಳು. ಗಂಟು ಬಿಚ್ಚಲು ಮೂರನೆಯ ಕೈ ಇರಲಿಲ್ಲ. ಅಜ್ಜಿ ಎಡಮುಷ್ಟಿಯ ಕಾಳನ್ನು ಹುಡುಗನ ಇನ್ನೊಂದು ಅಂಗೈಗೆ ಸುರಿದು ಅವನ ಬೆರಳು ಮಡಿಚಿದಳು. “ಬೀಳಸಬ್ಯಾಡಪಾ.” ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಗಂಟು ಎಳೆದಳು. ಬಿಚ್ಚಿತು. ಕಟ್ಟೆಯ ಮೂಲೆಯನ್ನು ನೋಡುತ್ತ ಗೆಳತಿಯ ಅಕ್ಷತೆಯನ್ನು ಬೀರಿದಳು.

ಧ್ವನಿವರ್ಧಕ ಮತ್ತೆ ಕೂಗಿದಾಗ ಪೊಲೀಸನು ಕೆಂಪು ಅಂಗಿಯನ್ನು ಕಂಡ. ತಾಯಿ ಓಡಿಬಂದು ಹುಡುಗನನ್ನು ಎತ್ತಿಕೊಂಡಳು. ಅವನು ಆಕೆಯ ಹೆಗಲ ಮೇಲಿಂದಲೇ ಬಗ್ಗಿ, ಮುಷ್ಟಿ ಬಿಚ್ಚಿ, ಕಾಳನ್ನೆಲ್ಲ ಅಜ್ಜಿಯ ಸೆರಗಿಗೆ ಸುರಿದ. ಅಷ್ಟು ಹೊತ್ತಿಗೆ ಕಟ್ಟೆಯ ಮುಂದಿನ ಕೈಗಳು ಇಳಿದಿದ್ದವು.

ಇಲ್ಲಿ ದನಿಗಳು ಎಣಿಸಿದರೆ ಏಳು: ಅಜ್ಜಿ, ಪೊಲೀಸ, ಹುಡುಗ, ಧ್ವನಿವರ್ಧಕ, ಜಯಕಾರ, ಬಳೆಯ ಚೌಕಾಸಿ, ದೂರದ ಹಲಗೆ. ಪೊಲೀಸನು ಮೊದಲು ತಡೆದು ಆಮೇಲೆ ನೆರವಾಗುತ್ತಾನೆ. ಒಬ್ಬನೇ ಎರಡು ಕೆಲಸ ಮಾಡುವುದರಿಂದ ಹೊಸ ಮುಖವೊಂದು ಉಳಿಯಿತು. ಧ್ವನಿವರ್ಧಕ ಮೊದಲ ಸಲ ಬರಿಯ ಜಾತ್ರೆಯ ಸದ್ದಿನಂತೆ ಹಾದುಹೋಗುತ್ತದೆ. ಕೆಂಪು ಅಂಗಿ ಕಂಡಾಗ ಓದುಗನು ಅದನ್ನು ನೆನೆದುಕೊಳ್ಳುತ್ತಾನೆ, ಅಜ್ಜಿ ನೆನೆದುಕೊಳ್ಳುವುದಿಲ್ಲ. ಜಯಕಾರ ಹೊತ್ತು ಮುಗಿಯುತ್ತಿದೆಯೆಂದು ಹೇಳುತ್ತದೆ. ಕಥೆಗೆ ನೇರ ಕೆಲಸವಿಲ್ಲದ್ದು ಬಳೆಯ ಚೌಕಾಸಿ ಒಂದೇ. ಅದನ್ನೂ ತೆಗೆಯಬೇಕೆಂದು ತರಗತಿಯಲ್ಲಿ ಒಬ್ಬರು ಹೇಳಿದರು. ತೆಗೆದು ಓದಿದಾಗ ಜಾತ್ರೆ ಅಜ್ಜಿಯೊಬ್ಬಳಿಗಾಗಿಯೇ ಏರ್ಪಟ್ಟಂತೆ ಕಂಡಿತು. ಅವಳ ಗೊಡವೆಯೇ ಇಲ್ಲದ ಒಂದಾದರೂ ದನಿ ಇದ್ದರೆ ಮಾತ್ರ ಗುಂಪು ಗುಂಪಾಗಿ ಉಳಿಯುತ್ತದೆ. ಆದ್ದರಿಂದ ಅದು ಅರ್ಧ ಸಾಲಿನಲ್ಲಿ ಉಳಿದುಕೊಂಡಿತು. ಬಲೂನಿನವನು ಮಾತ್ರ ಉಳಿಯಲಿಲ್ಲ. ಅವನು ಕರಡಿನಲ್ಲೇ ಅತ್ಯಂತ ಚೆಲುವಾಗಿ ಬರೆಯಲ್ಪಟ್ಟಿದ್ದ. ಓದುಗರ ಕಣ್ಣನ್ನು ಕದ್ದದ್ದೂ ಆ ಚೆಲುವೇ.

ಈ ಕ್ರಮಕ್ಕೆ ಮಿತಿಯಿದೆ. ಗುಂಪೇ ಪಾತ್ರವಾಗಬೇಕಾದ ಬರಹಗಳುಂಟು: ಗಲಭೆ, ಮುಷ್ಕರ, ಬರಗಾಲದ ಗುಳೆ. ಅಲ್ಲಿ ಒಬ್ಬರ ಎಳೆಯನ್ನು ಹಿಡಿದರೆ ಎಲ್ಲರಿಗೂ ಸೇರಿದ ನೋವು ಒಂದು ಮನೆಯ ಕಥೆಯಾಗಿ ಕುಗ್ಗೀತು. ರೈಲು ನಿಲ್ದಾಣದ ದೃಶ್ಯದಲ್ಲಿ ಗಾಡಿ ಹೊರಡುವ ಸಮಯವೇ ಗಡುವನ್ನು ಒದಗಿಸುವುದರಿಂದ ಲೇಖಕರು ಅದನ್ನೇ ನೆಚ್ಚಿ ಬೇಡಿಕೆಯನ್ನು ಮರೆಯುವುದುಂಟು. ಗಾಡಿ ತಪ್ಪೀತೆಂಬ ಆತಂಕ ಪ್ಲಾಟ್‌ಫಾರ್ಮಿನ ಎಲ್ಲರದೂ ಆಗಿರುತ್ತದೆ. ಅಲ್ಲಿಯೂ ಒಬ್ಬರ ಕೈಯಲ್ಲಿ ಮಾತ್ರ ಇರುವ ಗಂಟು ಯಾವುದೆಂದು ಹುಡುಕಬೇಕು.

ಹುಡುಗನೊಬ್ಬ ನಿಜವಾಗಿ ಅಂದು ಅಜ್ಜಿಯ ಕೈ ಹಿಡಿದಿದ್ದನೇ ಎಂದು ಹೇಳುವವರು ಈಗ ಯಾರೂ ಇಲ್ಲ. ಮನೆಯವರಿಗೆ ಗೊತ್ತಿದ್ದುದು ಸೆರಗಿನಲ್ಲಿ ಉಳಿದ ಹಿಡಿ ಕಾಳು ಮಾತ್ರ. ಹುಡುಗನು ಆ ಕಾಳಿನಿಂದ ಹುಟ್ಟಿದವನು. ಅಜ್ಜಿಯ ಎರಡೂ ಕೈಗಳು ಏಕೆ ಬಿಡುವಾಗಿರಲಿಲ್ಲವೆಂದು ಕೇಳುತ್ತ ಹೋದಾಗ ವಿದ್ಯಾರ್ಥಿನಿಗೆ ಅವನು ಸಿಕ್ಕಿದ. ತಿದ್ದಿದ ಪ್ರತಿಯನ್ನು ಅವಳು ಊರಿಗೆ ಒಯ್ದು, ಇನ್ನೂ ಹಾಸಿಗೆಯಲ್ಲಿರುವ ಆ ಗೆಳತಿಗೆ ಓದಿಹೇಳಿದಳು. ಮುದುಕಿ ಕೊನೆಯವರೆಗೆ ಕೇಳಿ, “ಕಟ್ಟಿ ಕಂಡಿತ್ತು ಹಂಗಾರ” ಎಂದಳಂತೆ.